ಮಹಡಿಯಿಂದ ಎಸೆದ ಚೆಂಡು: ಐದು ಅಂಕದ ಲೆಕ್ಕಕ್ಕೊಂದು ಮಾದರಿ ಉತ್ತರ

(ಮೊದಲ ಪಿಯು ವಿದ್ಯಾರ್ಥಿಗಳಿಗೂ ಹೊಸ ಉಪನ್ಯಾಸಕರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಮೊನ್ನೆ ರಾತ್ರಿ ಊಟ ಮುಗಿಸಿ ಕೂತಿದ್ದೆ. ಫೋನಿಗೆ ಒಂದು ಫೋಟೋ ಬಂತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರ ಮಗಳು ಕಳಿಸಿದ್ದಳು. ಪ್ರಶ್ನೆಪತ್ರಿಕೆಯ ಒಂದು ಮೂಲೆ, ಅದರ ಮೇಲೆ ಅವಳದೇ ಕೈಯ ನೆರಳು. ಕೆಳಗೆ ಒಂದು ಸಾಲು: "ಸರ್, ಇದಕ್ಕೆ ಐದು ಮಾರ್ಕ್ಸ್. ಉತ್ತರ ನನಗೆ ಬಂದಿದೆ. ಆದ್ರೆ ಹೇಗೆ ಬರೆದರೆ ಐದಕ್ಕೆ ಐದು ಕೊಡ್ತಾರೆ?"

ತುಂಬ ಒಳ್ಳೆಯ ಪ್ರಶ್ನೆ ಅದು. ಲೆಕ್ಕ ಬಿಡಿಸುವುದನ್ನು ನಾವು ವರ್ಷಪೂರ್ತಿ ಕಲಿಸುತ್ತೇವೆ. ಬಿಡಿಸಿದ್ದನ್ನು ಹಾಳೆಯ ಮೇಲೆ ಇಡುವುದನ್ನು ಕಲಿಸುವುದು ಕಡಿಮೆ. ಮೌಲ್ಯಮಾಪನಕ್ಕೆ ಕೂತವರಿಗೆ ನಿಮ್ಮ ತಲೆಯೊಳಗೆ ಏನಿತ್ತು ಅಂತ ಗೊತ್ತಾಗುವುದಿಲ್ಲ. ಅವರ ಎದುರಿಗಿರುವುದು ಹಾಳೆ, ಪಕ್ಕದಲ್ಲಿರುವುದು ಸ್ಕೀಮ್. ಯಾವ ಹೆಜ್ಜೆಗೆ ಎಷ್ಟು ಅಂಕ ಎಂದು ಅದರಲ್ಲಿ ಬರೆದಿರುತ್ತದೆ. ಆ ಹೆಜ್ಜೆ ನಿಮ್ಮ ಹಾಳೆಯಲ್ಲಿ ಕಣ್ಣಿಗೆ ಬಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ.

ಅದಕ್ಕೇ ಇವತ್ತು ಆ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಕೂರೋಣ.

ಫೋಟೋದಲ್ಲಿ ಓದಲು ಸಿಕ್ಕಿದ್ದು ಇಷ್ಟು: "20 ಮೀಟರ್ ಎತ್ತರದ ಕಟ್ಟಡದ ತುದಿಯಿಂದ ಒಂದು ಚೆಂಡನ್ನು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆಯಲಾಗಿದೆ. (ಅ) … ಚೆಂಡು ತಲುಪುವ ಗರಿಷ್ಠ ಎತ್ತರ, (ಆ) ಚೆಂಡು ನೆಲಕ್ಕೆ ಬೀಳಲು ಹಿಡಿಯುವ ಕಾಲ, (ಇ) ನೆಲ ಮುಟ್ಟುವ ಕ್ಷಣದಲ್ಲಿ ಅದರ ವೇಗ ಕಂಡುಹಿಡಿಯಿರಿ." ಅಲ್ಲಿಗೆ ಫೋಟೋ ಮುಗಿದಿತ್ತು.

ಎರಡು ಕಡೆ ತೊಂದರೆ. (ಅ) ಭಾಗದ ಮೊದಲ ಪದದ ಮೇಲೆ ಕಾಗದದ ಮಡಿಕೆ ಬಂದಿತ್ತು. ಕೊನೆಯ ಸಾಲು ಫೋಟೋದಿಂದ ಆಚೆ ಉಳಿದಿತ್ತು. ನಾನು ಅವಳಿಗೆ ಮೊದಲು ಹೇಳಿದ್ದು ಇದು: "ಪುಟ್ಟಿ, ಪ್ರಶ್ನೆಯನ್ನು ನಿನ್ನ ಕೈಯಾರೆ ಪೂರ್ತಿ ಬರೆದು ಕಳಿಸಮ್ಮ." ಬರೆದು ಕಳಿಸಿದಳು. ಮಡಿಕೆಯಲ್ಲಿದ್ದ ಪದ "ನೆಲದಿಂದ". ಆಚೆ ಉಳಿದಿದ್ದ ಸಾಲು "g = 10 m/s² ಎಂದು ತೆಗೆದುಕೊಳ್ಳಿ, ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ".

ಸಣ್ಣ ವಿಷಯ ಅನ್ನಿಸಬಹುದು. ಆದರೆ "ನೆಲದಿಂದ" ಎಂಬ ಆ ಒಂದು ಪದಕ್ಕೆ ಇಲ್ಲಿ ಪೂರ್ತಿ ಒಂದು ಅಂಕವಿದೆ. ಅದು ಕಾಣದಿದ್ದರೆ ನೀವು ಮಹಡಿಯಿಂದ ಮೇಲಿನ ಎತ್ತರವನ್ನಷ್ಟೇ ಕಂಡುಹಿಡಿದು ನಿಲ್ಲಿಸುತ್ತೀರಿ. g ಬೆಲೆ ಕಾಣದಿದ್ದರೆ ಅಭ್ಯಾಸಬಲದಿಂದ 9.8 ಹಾಕುತ್ತೀರಿ. ಆಗ (ಆ) ಭಾಗದಲ್ಲಿ ಸಮೀಕರಣ ಸುಲಭವಾಗಿ ಒಡೆಯುವುದಿಲ್ಲ, 617ರ ವರ್ಗಮೂಲ ತೆಗೆಯುತ್ತಾ ಕೂರಬೇಕಾಗುತ್ತದೆ. ಕಾಲ ಸುಮಾರು 4.07 ಸೆಕೆಂಡ್ ಬರುತ್ತದೆ. ಅದೇನೂ ತಪ್ಪಲ್ಲ. ಆದರೆ ಪ್ರಶ್ನೆಯಲ್ಲೇ ಕೊಟ್ಟ ಬೆಲೆಯನ್ನು ಬಿಟ್ಟು ಬೇರೆ ಬೆಲೆ ಹಾಕಿದರೆ ಸ್ಕೀಮಿನ ಉತ್ತರಕ್ಕೆ ಅದು ತಾಳೆಯಾಗುವುದಿಲ್ಲ. ಪ್ರಶ್ನೆಯಲ್ಲಿ ನಿಜವಾಗಿಯೂ g ಕೊಟ್ಟಿಲ್ಲ ಎಂದಾದರೆ 9.8 ಹಾಕಿ, "g = 9.8 m/s² ಎಂದು ತೆಗೆದುಕೊಂಡಿದೆ" ಅಂತ ಒಂದು ಸಾಲು ಬರೆಯಿರಿ.

ಈಗ ಮಾದರಿ ಉತ್ತರ. ನಾನು ಪರೀಕ್ಷಕನಾಗಿ ಕೂತಾಗ ಯಾವ ಹಾಳೆ ಕಂಡರೆ ಪೆನ್ನು ಎಲ್ಲೂ ತಡವರಿಸದೆ ಐದು ಹಾಕುತ್ತದೋ, ಅಂಥ ಹಾಳೆ ಇದು. ಅಂಕ ಹಂಚಿಕೆ ನಾನು ಹಾಕಿಕೊಂಡಿದ್ದು. ಬೇರೆ ಸ್ಕೀಮಿನಲ್ಲಿ ಸೂತ್ರಕ್ಕೆ ಬೇರೆ, ಬೆಲೆ ಹಾಕಿದ್ದಕ್ಕೆ ಬೇರೆ ಎಂದು ಒಡೆದಿರಬಹುದು. ಹೇಗೆ ಒಡೆದರೂ ಈ ಹಾಳೆಯಲ್ಲಿ ಆ ಹೆಜ್ಜೆಗಳೆಲ್ಲ ಕಾಣುತ್ತವೆ.

ಉತ್ತರ:

ಚೆಂಡು ಎಸೆದ ಜಾಗ (ಕಟ್ಟಡದ ತುದಿ) ಮೂಲ ಬಿಂದು. ಮೇಲ್ಮುಖ ದಿಕ್ಕು ಧನ.

u = +15 m/s, a = −g = −10 m/s², ನೆಲ ಇರುವುದು s = −20 m ನಲ್ಲಿ.

(ಅ) ಗರಿಷ್ಠ ಎತ್ತರದಲ್ಲಿ v = 0.

v² = u² + 2as

0 = 15² + 2(−10)h

h = 225/20 = 11.25 m ………… 1 ಅಂಕ

ನೆಲದಿಂದ ಗರಿಷ್ಠ ಎತ್ತರ = 20 + 11.25 = 31.25 m ………… 1 ಅಂಕ

(ಆ) s = ut + ½at²

−20 = 15t − 5t² ………… 1 ಅಂಕ

t² − 3t − 4 = 0

(t − 4)(t + 1) = 0

t = 4 s ಅಥವಾ t = −1 s

ಚೆಂಡನ್ನು ಎಸೆದ ನಂತರದ ಕಾಲ ಬೇಕಾಗಿರುವುದರಿಂದ t = −1 s ಸಲ್ಲುವುದಿಲ್ಲ. ಆದ್ದರಿಂದ t = 4 s ………… 1 ಅಂಕ

(ಇ) v = u + at = 15 − (10 × 4) = −25 m/s

ನೆಲ ಮುಟ್ಟುವಾಗ ಚೆಂಡಿನ ವೇಗ 25 m/s, ಕೆಳಮುಖವಾಗಿ ………… 1 ಅಂಕ

ಇಷ್ಟೇ. ಅರ್ಧ ಪುಟ ಕೂಡ ತುಂಬುವುದಿಲ್ಲ. ಪಕ್ಕದಲ್ಲಿ ಒಂದು ಪುಟ್ಟ ಚಿತ್ರ ಹಾಕಿದರೆ ಇನ್ನೂ ಚೆಂದ. ಒಂದು ನೇರ ಗೆರೆ, ಮಹಡಿಯ ತುದಿಗೆ ಸೊನ್ನೆ, ನೆಲಕ್ಕೆ −20, ಮೇಲಕ್ಕೊಂದು ಬಾಣ. ನೀವು u, s ಬಳಸಿದರೂ ಸರಿ, ಪಿಯು ಪುಸ್ತಕದ v₀, y ಬಳಸಿದರೂ ಸರಿ. ಒಂದೇ ಉತ್ತರದೊಳಗೆ ಎರಡನ್ನೂ ಕಲೆಸಬೇಡಿ.

ಮೊದಲ ಎರಡು ಸಾಲಿಗೆ ನಾನು ಅಂಕವನ್ನೇ ಕೊಟ್ಟಿಲ್ಲ, ಗಮನಿಸಿದಿರಾ? ಮೂಲ ಬಿಂದು ಎಲ್ಲಿ, ಧನ ದಿಕ್ಕು ಯಾವುದು ಅನ್ನುವ ಸಾಲು ಅದು. ಅಂಕ ಇಲ್ಲ ಅಂತ ಮಕ್ಕಳು ಅದನ್ನು ಹಾರಿಸಿಬಿಡುತ್ತಾರೆ. ಆದರೆ ಮುಂದಿನ ಐದೂ ಅಂಕ ನಿಂತಿರುವುದು ಅದರ ಮೇಲೆ. ಈ ಲೆಕ್ಕದಲ್ಲಿ ನಾನು ನೋಡಿರುವ ತಪ್ಪುಗಳಲ್ಲಿ ಹೆಚ್ಚಿನವು ಗುಣಾಕಾರದ ತಪ್ಪಲ್ಲ, ಚಿಹ್ನೆಯ ತಪ್ಪು. ಚಿಹ್ನೆ ತಪ್ಪುವುದು ಯಾಕೆಂದರೆ ಯಾವ ದಿಕ್ಕು ಧನ ಅಂತ ಬರೆಯುವವರೇ ತೀರ್ಮಾನ ಮಾಡಿರುವುದಿಲ್ಲ. ಮೇಲಕ್ಕೆ ಹೋಗುವಾಗ ಒಂದು ಮನಸ್ಸು, ಕೆಳಗೆ ಬರುವಾಗ ಇನ್ನೊಂದು.

ನಿಮಗೆ ಕೆಳಮುಖವೇ ಧನ ಬೇಕು ಅನ್ನಿಸಿದರೆ ಹಾಗೇ ಮಾಡಿ. ಆಗ u = −15, a = +10, s = +20. ಸಮೀಕರಣ 20 = −15t + 5t² ಆಗುತ್ತದೆ. ಎರಡೂ ಬದಿಯನ್ನು −1ರಿಂದ ಗುಣಿಸಿ ನೋಡಿ, ಮೊದಲಿನದೇ ಸಮೀಕರಣ. ಪೂರ್ತಿ ಅಂಕ ಬರುತ್ತದೆ. ಪರೀಕ್ಷಕರಿಗೆ ಬೇಕಾಗಿರುವುದು ನೀವು ಹಿಡಿದ ದಿಕ್ಕನ್ನು ಕೊನೆಯವರೆಗೂ ಬಿಡದೆ ಹಿಡಿದಿದ್ದೀರಾ ಅನ್ನುವುದು.

ಈಗ (ಆ) ಭಾಗಕ್ಕೆ ಬರೋಣ. ಇಲ್ಲೇ ಜಾಸ್ತಿ ಹೊತ್ತು ನಿಲ್ಲಬೇಕು. ಇದೇ ಥರದ ಲೆಕ್ಕದಲ್ಲಿ ಎರಡು ತಪ್ಪು ಸಮೀಕರಣಗಳನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ.

ಮೊದಲನೆಯದು: 20 = 15t − 5t². ಕಟ್ಟಡದ ಎತ್ತರ 20 ಮೀಟರ್ ತಾನೇ ಅಂತ ಹಾಗೇ ಹಾಕಿದ್ದು. g ಮಾತ್ರ ಋಣ. ಎಲ್ಲವನ್ನೂ ಒಂದೇ ಬದಿಗೆ ತಂದು ಬರೆದರೆ t² − 3t + 4 = 0. ಇದರ ವಿವೇಚಕ 9 − 16, ಅಂದರೆ −7. ವರ್ಗಮೂಲದೊಳಗೆ ಋಣ ಸಂಖ್ಯೆ ಬಂತು. ಇಲ್ಲಿ ಮಕ್ಕಳು ಗಾಬರಿಯಾಗುತ್ತಾರೆ. ಕೆಲವರು ಮೆಲ್ಲಗೆ −7 ಅನ್ನು 7 ಮಾಡಿ ಮುಂದೆ ಹೋಗುತ್ತಾರೆ. ಹಾಗೆ ಮಾಡಿದ್ದು ಪರೀಕ್ಷಕರ ಕಣ್ಣಿಗೆ ತಕ್ಷಣ ಬೀಳುತ್ತದೆ.

ಗಾಬರಿಯಾಗುವ ಬದಲು ಆ ಸಮೀಕರಣ ಏನು ಕೇಳುತ್ತಿದೆ ಅಂತ ನೋಡಿ. s = +20 ಎಂದು ಬರೆದಾಗ ನೀವು ಕೇಳಿದ್ದು "ಚೆಂಡು ಮಹಡಿಯಿಂದ 20 ಮೀಟರ್ ಮೇಲೆ ಯಾವಾಗ ಇರುತ್ತದೆ?" ಅಂತ. (ಅ) ಭಾಗದಲ್ಲಿ ನೀವೇ ಕಂಡುಹಿಡಿದಿದ್ದೀರಿ, ಚೆಂಡು ಮಹಡಿಯಿಂದ ಮೇಲಕ್ಕೆ ಹೋಗುವುದು 11.25 ಮೀಟರ್ ಮಾತ್ರ. 20 ಮೀಟರಿಗೆ ಅದು ಹೋಗುವುದೇ ಇಲ್ಲ. ಗಣಿತ ಅದನ್ನೇ ಹೇಳುತ್ತಿದೆ: ಅಂಥ ಕ್ಷಣ ಇಲ್ಲ. ವರ್ಗಮೂಲದೊಳಗೆ ಋಣ ಬಂದ ಕೂಡಲೇ ವಾಪಸ್ ಹೋಗಿ s ಚಿಹ್ನೆ ನೋಡಿ. ಅಲ್ಲೇ ತಪ್ಪು ಸಿಗುತ್ತದೆ.

ಎರಡನೆಯದು: 20 = 15t + 5t². ಇದು ಇನ್ನೂ ಅಪಾಯ. ಯಾಕೆಂದರೆ ಇದು ಚೆನ್ನಾಗಿ ಒಡೆಯುತ್ತದೆ. t² + 3t − 4 = 0, (t + 4)(t − 1) = 0, t = 1 ಸೆಕೆಂಡ್. ನೋಡಲು ಎಷ್ಟು ಅಚ್ಚುಕಟ್ಟು! ಬರೆದವರಿಗೆ ಸ್ವಲ್ಪವೂ ಅನುಮಾನ ಬರುವುದಿಲ್ಲ. ಆದರೆ ಇಲ್ಲಿ s, u, a ಮೂರೂ ಒಂದೇ ಚಿಹ್ನೆಯಲ್ಲಿವೆ. ಅಂದರೆ ಚೆಂಡನ್ನು 15 ಮೀಟರ್ ವೇಗದಲ್ಲಿ ಕೆಳಕ್ಕೆ ಎಸೆದಂತಾಯಿತು. ಕೆಳಕ್ಕೆ ಎಸೆದರೆ 1 ಸೆಕೆಂಡಿನಲ್ಲಿ ನೆಲ ಮುಟ್ಟುವುದು ನಿಜ. ಪ್ರಶ್ನೆಯಲ್ಲಿ ಎಸೆದದ್ದು ಮೇಲಕ್ಕೆ.

ಇದನ್ನು ಹಿಡಿಯುವುದು ಹೇಗೆ? ಒಂದು ಸುಲಭದ ದಾರಿ ಇದೆ. ಮೇಲಕ್ಕೆ ಹೋಗಿ ನಿಲ್ಲುವುದಕ್ಕೇ ಎಷ್ಟು ಹೊತ್ತು ಬೇಕು ನೋಡಿ. ಸೆಕೆಂಡಿಗೆ 10 ಮೀಟರಿನಂತೆ ವೇಗ ಕಡಿಮೆಯಾಗುತ್ತಾ 15 ಸೊನ್ನೆಯಾಗಲು 1.5 ಸೆಕೆಂಡ್ ಬೇಕು. ಚೆಂಡು ಗರಿಷ್ಠ ಎತ್ತರ ಮುಟ್ಟುವುದಕ್ಕೇ 1.5 ಸೆಕೆಂಡ್ ಹಿಡಿದರೆ, ನೆಲಕ್ಕೆ 1 ಸೆಕೆಂಡಿನಲ್ಲಿ ಹೇಗೆ ಬಂದೀತು? ಈ ತಾಳೆಯನ್ನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಲ್ಲಿ ಮಾಡಿ. ಅರ್ಧ ನಿಮಿಷ ಸಾಕು.

ತಪ್ಪು ಇಟ್ಟುಕೊಂಡೇ (ಇ) ಭಾಗಕ್ಕೆ ಹೋದವರ ಹಾಳೆಯಲ್ಲಿ ಇನ್ನೊಂದು ಸುಳಿವು ಸಿಗುತ್ತದೆ. v = 15 − 10 × 1 = +5 m/s. ಧನ ಚಿಹ್ನೆ ಬಂತು. ನೆಲಕ್ಕೆ ಬೀಳುವ ಚೆಂಡು ಮೇಲ್ಮುಖವಾಗಿ ಚಲಿಸುತ್ತಿದೆ ಎಂದಾಯಿತು. ಬರೆದವರು ಆ ಚಿಹ್ನೆಯನ್ನು ಒಂದು ಸಲ ನೋಡಿದ್ದರೆ ಸಾಕಿತ್ತು.

ಈ 1 ಸೆಕೆಂಡಿನ ಹಾಳೆಗೆ (ಆ) ಭಾಗದಲ್ಲಿ ಅಂಕ ಎಷ್ಟು? ಸಮೀಕರಣದ ಅಂಕ ಹೋಯಿತು, ಉತ್ತರದ ಅಂಕವೂ ಹೋಯಿತು. (ಇ) ಭಾಗದ ವಿಷಯದಲ್ಲಿ ಪರೀಕ್ಷಕರ ನಡುವೆ ಚರ್ಚೆಯಾಗುತ್ತದೆ. ಹಿಂದಿನ ತಪ್ಪು ಉತ್ತರವನ್ನೇ ಸರಿಯಾದ ಸೂತ್ರಕ್ಕೆ ಹಾಕಿದ್ದಾನೆ, ಒಂದೇ ತಪ್ಪಿಗೆ ಎರಡು ಸಲ ಅಂಕ ಕಳೆಯಬೇಕಾ ಅಂತ ಒಬ್ಬರು. ಉತ್ತರ ತಪ್ಪು, ಹೇಗೆ ಕೊಡುವುದು ಅಂತ ಇನ್ನೊಬ್ಬರು. ನಾನು ಮೊದಲನೆಯವರ ಪಕ್ಷ. ಒಂದು ತಪ್ಪಿಗೆ ಒಂದು ಸಲ ಕಳೆದರೆ ಸಾಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆದರೆ ನಿಮ್ಮ ಹಾಳೆ ಯಾರ ಕೈಗೆ ಹೋಗುತ್ತದೆ ಅಂತ ನಿಮಗೆ ಗೊತ್ತಿರುವುದಿಲ್ಲ ಅಲ್ವಾ?

ಅದಕ್ಕೆ ಒಂದು ಉಪಾಯ ಹೇಳುತ್ತೇನೆ. (ಇ) ಭಾಗವನ್ನು (ಆ) ಉತ್ತರದ ಮೇಲೆ ನಿಲ್ಲಿಸಬೇಕಾಗಿಲ್ಲ. ಕಾಲವನ್ನು ಮುಟ್ಟದ ಸೂತ್ರ ನಮ್ಮ ಹತ್ತಿರ ಇದೆ:

v² = u² + 2as = 15² + 2(−10)(−20) = 225 + 400 = 625

v = ±25 m/s. ಚೆಂಡು ಕೆಳಗೆ ಬರುತ್ತಿರುವುದರಿಂದ v = −25 m/s.

ಈ ದಾರಿಯಲ್ಲಿ (ಆ) ತಪ್ಪಾದರೂ (ಇ) ಉಳಿಯುತ್ತದೆ. ಎರಡು ಋಣ ಚಿಹ್ನೆ ಗುಣಿಸಿ ಧನ ಆಗುವುದನ್ನು ಮಾತ್ರ ಆವರಣದಲ್ಲಿ ಬರೆದು ತೋರಿಸಿ. ಸುಮ್ನೆ 225 + 400 ಅಂತ ಬರೆದರೆ ಚಿಹ್ನೆ ಗೊತ್ತಿದ್ದು ಬರೆದದ್ದೋ, ಅದೃಷ್ಟಕ್ಕೆ ಬಂದದ್ದೋ ಓದುವವರಿಗೆ ತಿಳಿಯುವುದಿಲ್ಲ. ಮೊದಲ ದಾರಿಯಲ್ಲಿ −25 ಬಂದು, ಈ ದಾರಿಯಲ್ಲೂ −25 ಬಂದರೆ ನಿಮ್ಮ 4 ಸೆಕೆಂಡ್ ಕೂಡ ಸರಿ ಅಂತ ಖಾತ್ರಿಯಾಗುತ್ತದೆ.

ಈ ಭಾಗದ ಒಂದು ಅಂಕದಲ್ಲಿ ದಿಕ್ಕೂ ಸೇರಿದೆ. ಪ್ರಶ್ನೆ ಕೇಳಿದ್ದು ವೇಗ, ಜವ ಅಲ್ಲ. ಬರೀ "25" ಎಂದು ಬರೆದರೆ ಮಾನವೂ ಇಲ್ಲ, ದಿಕ್ಕೂ ಇಲ್ಲ. −25 m/s ಎಂದು ಬರೆದು, ಮೇಲ್ಮುಖ ಧನ ಅಂತ ಮೊದಲೇ ಹೇಳಿದ್ದರೆ ದಿಕ್ಕು ಹೇಳಿದಂತೆಯೇ. ಆದರೂ "ಕೆಳಮುಖವಾಗಿ" ಎಂಬ ಒಂದು ಪದ ಸೇರಿಸಿ.

ಕೂತವರಲ್ಲಿ ಒಬ್ಬ ಹುಡುಗ ನಡುವೆಯೇ ಎದ್ದು ಕೇಳಿದ. "ಸರ್, ನಾನು ಒಂದೇ ಸಮೀಕರಣ ಹಾಕಲ್ಲ. ಮೇಲೆ ಹೋಗೋದು ಬೇರೆ, ಕೆಳಗೆ ಬರೋದು ಬೇರೆ ಮಾಡ್ತೀನಿ. ಮಾರ್ಕ್ಸ್ ಕಟ್ ಆಗುತ್ತಾ?"

ಆಗುವುದಿಲ್ಲ. ಅವನು ಬೋರ್ಡಿಗೆ ಬಂದು ಬರೆದ. ಮೇಲೆ ಹೋಗುವ ಕಾಲ 15/10 = 1.5 ಸೆಕೆಂಡ್. ಅಲ್ಲಿಂದ 31.25 ಮೀಟರ್ ಕೆಳಗೆ ಬೀಳಬೇಕು. ಆರಂಭದ ವೇಗ ಸೊನ್ನೆ. 31.25 = 5t², t² = 6.25, t = 2.5 ಸೆಕೆಂಡ್. ಒಟ್ಟು 1.5 + 2.5 = 4 ಸೆಕೆಂಡ್. ಪೂರ್ತಿ ಸರಿ. ಈ ದಾರಿಯಲ್ಲಿ ವರ್ಗ ಸಮೀಕರಣ ಒಡೆಯುವ ಕೆಲಸವೇ ಇಲ್ಲ. ಇದಕ್ಕೆ ನಾನು 1.5 ಸೆಕೆಂಡಿಗೂ ಬೀಳುವ ಸಮೀಕರಣಕ್ಕೂ ಸೇರಿಸಿ ಒಂದು, ಒಟ್ಟು 4 ಸೆಕೆಂಡಿಗೆ ಒಂದು ಕೊಡುತ್ತೇನೆ.

ಆದರೆ ಈ ದಾರಿಗೆ ಎರಡು ಎಚ್ಚರಿಕೆ ಬೇಕು. ಒಂದು, ಇದು (ಅ) ಉತ್ತರದ ಮೇಲೆ ನಿಂತಿದೆ. ಅಲ್ಲಿ 20 ಕೂಡಿಸುವುದನ್ನು ಮರೆತವರು ಇಲ್ಲೂ 11.25 ಮೀಟರೇ ಬೀಳಿಸುತ್ತಾರೆ. ಆಗ ಬೀಳುವ ಕಾಲವೂ 1.5 ಸೆಕೆಂಡೇ ಬರುತ್ತದೆ, ಒಟ್ಟು 3. ಅದು ಚೆಂಡು ಮಹಡಿಯ ಮಟ್ಟಕ್ಕೆ ವಾಪಸ್ ಬರುವ ಕಾಲ, ನೆಲಕ್ಕೆ ಬರುವ ಕಾಲ ಅಲ್ಲ. ಎರಡು, ಬೀಳುವ ಭಾಗಕ್ಕೆ ಕೆಳಮುಖವನ್ನು ಧನ ಮಾಡಿಕೊಂಡಿದ್ದೀರಿ. ತಪ್ಪಲ್ಲ, ಆದರೆ "ಇಲ್ಲಿಂದ ಕೆಳಮುಖ ಧನ" ಅಂತ ಒಂದು ಸಾಲು ಬರೆಯಲೇಬೇಕು. ಬರೆಯದಿದ್ದರೆ ನಡುದಾರಿಯಲ್ಲಿ ಚಿಹ್ನೆ ಬದಲಾದದ್ದು ತಪ್ಪಿನ ಹಾಗೆ ಕಾಣುತ್ತದೆ.

(ಅ) ಭಾಗದ ಬಗ್ಗೆ ಹೆಚ್ಚು ಹೇಳುವುದಿಲ್ಲ. 11.25ಕ್ಕೆ ನಿಲ್ಲಿಸಿದವರಿಗೆ ಒಂದು ಅಂಕ, 31.25ರವರೆಗೆ ಹೋದವರಿಗೆ ಎರಡು. ಹೊಡೆದು ಹಾಕಿದ ಕೆಲಸದ ಬಗ್ಗೆ ಕೆಲವರು ಕೇಳಿದಿರಿ. ಒಂದು ಅಡ್ಡಗೆರೆ ಎಳೆಯಿರಿ, ಸಾಕು. ಗೀಚಿ ಕಪ್ಪು ಮಾಡಬೇಡಿ. ಎರಡು ಬೇರೆ ಬೇರೆ ಉತ್ತರಗಳನ್ನು ಯಾವುದನ್ನೂ ಹೊಡೆಯದೆ ಬಿಡಬೇಡಿ, ನೀವು ಯಾವುದನ್ನು ನಂಬಿದ್ದೀರಿ ಅಂತ ಓದುವವರಿಗೆ ಗೊತ್ತಾಗಬೇಕು.

ಮಾರನೆಯ ದಿನ ಆ ಹುಡುಗಿ ತನ್ನ ಉತ್ತರದ ಫೋಟೋ ಕಳಿಸಿದಳು. ಈ ಸಲ ನೆರಳಿರಲಿಲ್ಲ. ಕಿಟಕಿ ಪಕ್ಕ ಇಟ್ಟು, ನಾಲ್ಕೂ ಅಂಚು ಕಾಣುವ ಹಾಗೆ ತೆಗೆದಿದ್ದಳು. ದಿಕ್ಕಿನ ಸಾಲು ಇತ್ತು, −20 ಇತ್ತು, 31.25 ಇತ್ತು, ಕೊನೆಗೆ "ಕೆಳಮುಖವಾಗಿ" ಇತ್ತು. (ಆ) ಭಾಗದಲ್ಲಿ ಮಾತ್ರ t = 4 s, t = −1 s ಎಂದು ಬರೆದು, ಕೆಳಗೆ 4ರ ಸುತ್ತ ಒಂದು ಚೌಕ ಹಾಕಿದ್ದಳು. −1 ಯಾಕೆ ಬೇಡ ಅಂತ ಬರೆದಿರಲಿಲ್ಲ. ಪರೀಕ್ಷೆಯಲ್ಲಾದರೆ ಅನೇಕ ಪರೀಕ್ಷಕರು ಅಂಕ ಕೊಟ್ಟುಬಿಡುತ್ತಾರೆ. ನಾನು ಆ ಅಂಕ ತಡೆಹಿಡಿದು ಐದಕ್ಕೆ ನಾಲ್ಕು ಹಾಕಿ ಕಳಿಸಿದೆ. ಆರಿಸಿದ್ದು ಯಾಕೆ ಅನ್ನುವುದು ಕೂಡ ಉತ್ತರದ ಭಾಗವೇ.

ಅವಳು ಫೋನ್ ಮಾಡಿದಳು. "ಸರ್, ಕಾಲ ಋಣ ಇರಲ್ಲ ಅಂತ ಬರೀಬೇಕಿತ್ತಾ?"

"ಹಾಗೆ ಬರೆದರೂ ನಡೆಯುತ್ತದಮ್ಮ. ಆದರೆ ಎಸೆದ ನಂತರದ ಕಾಲ ಬೇಕು ಅಂತ ಬರೆದರೆ ಇನ್ನೂ ಸರಿ."

"ಎರಡೂ ಒಂದೇ ಅಲ್ವಾ ಸರ್? ಮೈನಸ್ ಒಂದು ಸೆಕೆಂಡ್ ಅಂದ್ರೆ ಏನೂ ಇಲ್ಲ ತಾನೇ?"

ಇದೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. t = 0 ಅಂದರೆ ಚೆಂಡು ಕೈ ಬಿಟ್ಟ ಕ್ಷಣ. −1 ಅಂದರೆ ಅದಕ್ಕಿಂತ ಒಂದು ಸೆಕೆಂಡ್ ಮುಂಚೆ. ನಮ್ಮ ಸಮೀಕರಣಕ್ಕೆ ಕಟ್ಟಡ ಗೊತ್ತಿಲ್ಲ, ಎಸೆದ ಕೈಯೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಈ ಚೆಂಡು t = 0 ಯಲ್ಲಿ ಇಲ್ಲಿತ್ತು, ಇಷ್ಟು ವೇಗ ಇತ್ತು, ನೆಲದ ಮಟ್ಟದಲ್ಲಿ ಯಾವಾಗ ಇರುತ್ತದೆ? ಅದು ಎರಡು ಕ್ಷಣ ಹೇಳಿತು. ಒಂದು ಮುಂದಿನದು, ಒಂದು ಹಿಂದಿನದು.

ಹಿಂದಿನ ಆ ಕ್ಷಣದಲ್ಲಿ ವೇಗ ಎಷ್ಟಿರಬೇಕು? v = 15 − 10(−1) = +25 m/s. ಅಂದರೆ ಯಾರೋ ನೆಲದಲ್ಲಿ ನಿಂತು ಚೆಂಡನ್ನು ಸೆಕೆಂಡಿಗೆ 25 ಮೀಟರ್ ವೇಗದಲ್ಲಿ ಮೇಲಕ್ಕೆ ಎಸೆದಿದ್ದಾರೆ ಅಂದುಕೊಳ್ಳಿ. ಒಂದು ಸೆಕೆಂಡಿನಲ್ಲಿ ಅದು 25 − 5 = 20 ಮೀಟರ್ ಏರುತ್ತದೆ, ಸರಿಯಾಗಿ ಮಹಡಿಯ ಮಟ್ಟ. ಅಲ್ಲಿ ಅದರ ವೇಗ 25 − 10 = 15. ಅಲ್ಲಿಂದ ಮುಂದಕ್ಕೆ ಅದು ನಮ್ಮ ಚೆಂಡಿನ ಹಾಗೇ ಹೋಗುತ್ತದೆ, 31.25 ಮುಟ್ಟುತ್ತದೆ, 25 ಮೀಟರ್ ವೇಗದಲ್ಲೇ ನೆಲಕ್ಕೆ ವಾಪಸ್ ಬರುತ್ತದೆ. ನಮ್ಮ ಪ್ರಶ್ನೆಯಲ್ಲಿ ಚೆಂಡನ್ನು ಎಸೆದದ್ದು ಮಹಡಿಯಿಂದ, ಆ ಮುಂಚಿನ ಒಂದು ಸೆಕೆಂಡ್ ನಡೆದೇ ಇಲ್ಲ. ಅದಕ್ಕೇ −1 ಅನ್ನು ಬಿಡುತ್ತೇವೆ.

ಫೋನಿನಲ್ಲಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಹಾಗಾದ್ರೆ ಕಟ್ಟಡ 30 ಮೀಟರ್ ಇದ್ದಿದ್ರೆ?" ಅಂದಳು. ಪೆನ್ಸಿಲ್ ಓಡುವ ಸದ್ದು ಕೇಳಿಸುತ್ತಿತ್ತು.